ಹೊಸ ಹುದ್ದೆಗೆ ಮಂಜೂರಾತಿ ಕೋರಿಕೆ: ಇನ್ಶೂರೆನ್ಸ್ ಡೆಸ್ಕ್‌ಗೆ ಐದನೇ ಎಕ್ಸಿಕ್ಯುಟಿವ್

ದಿನಾಂಕ: 14 ಅಕ್ಟೋಬರ್ 2024
ಗೆ: ಹಣಕಾಸು ವಿಭಾಗದ ಮುಖ್ಯಸ್ಥರು
ಇಂದ: ಬಿಲ್ಲಿಂಗ್ ಮತ್ತು ಇನ್ಶೂರೆನ್ಸ್ ವಿಭಾಗ, ಹುಬ್ಬಳ್ಳಿ ಆಸ್ಪತ್ರೆ

ಮಾನ್ಯರೇ,

ಕ್ಯಾಶ್‌ಲೆಸ್ ಕ್ಲೇಮ್‌ಗಳ ಕೆಲಸಕ್ಕೆ ಒಂದು ಕಾಯಂ ಹುದ್ದೆ ಬೇಕು. ತಿಂಗಳ ಒಟ್ಟು ವೆಚ್ಚ ₹26,300. ಡಿಸೆಂಬರ್ 1ರಿಂದ ನೇಮಕವಾದರೆ ಈ ಆರ್ಥಿಕ ವರ್ಷಕ್ಕೆ ಬೀಳುವ ಹೊರೆ, ಕಂಪ್ಯೂಟರ್ ಮತ್ತು ಸ್ಕ್ಯಾನರ್‌ನ ₹52,000 ಸೇರಿ, ₹1,57,200.

ಕೆಲಸ ಎಷ್ಟು, ಕೈ ಎಷ್ಟು

ಕಳೆದ ವರ್ಷ ಏಪ್ರಿಲ್–ಸೆಪ್ಟೆಂಬರ್‌ನಲ್ಲಿ ತಿಂಗಳಿಗೆ ಸರಾಸರಿ 240 ಕ್ಲೇಮ್ ಬರುತ್ತಿದ್ದವು. ಈ ವರ್ಷ ಅದೇ ಅವಧಿಯಲ್ಲಿ 310. ಸಿಬ್ಬಂದಿ ಆಗಲೂ ನಾಲ್ವರು, ಈಗಲೂ ನಾಲ್ವರು. ಸೆಪ್ಟೆಂಬರ್‌ನಲ್ಲಿ ಎರಡು ವಾರ ಪ್ರತಿ ಫೈಲಿನ ಮೇಲೆ ಆರಂಭ–ಮುಕ್ತಾಯದ ಸಮಯ ಬರೆದಿಟ್ಟು ಅಳೆದಾಗ ಒಂದು ಕ್ಲೇಮ್‌ಗೆ ಸಿಕ್ಕ ಲೆಕ್ಕ ಇದು:

| ಹಂತ | ನಿಮಿಷ |
|---|---|
| ಪ್ರೀ-ಆಥ್ | 35 |
| ಕ್ವೆರಿಗೆ ಉತ್ತರ (ಸರಾಸರಿ 1.4 ಕ್ವೆರಿ × 20) | 28 |
| ಡಿಸ್ಚಾರ್ಜ್ ದಿನದ ಅಂತಿಮ ಬಿಲ್ | 37 |
| ಫೈಲ್ ಜೋಡಣೆ, ಸ್ಕ್ಯಾನ್, ರವಾನೆ | 30 |
| ಹಣ ಬರುವವರೆಗಿನ ಬೆನ್ನುಹತ್ತುವಿಕೆ | 20 |
| ಒಟ್ಟು | 150 |

310 ಕ್ಲೇಮ್‌ಗೆ 775 ಗಂಟೆ ಬೇಕು. ರಜೆ ಕಳೆದು ತಿಂಗಳಿಗೆ 24 ದಿನ, ದಿನಕ್ಕೆ 6.5 ಗಂಟೆ ಕೈಗೆ ಸಿಗುವ ಕೆಲಸ ಎಂದು ಹಿಡಿದರೆ ನಾಲ್ವರಿಂದ ಸಿಗುವುದು 624. ಕೊರತೆ 151 ಗಂಟೆ. ಒಬ್ಬರ ತಿಂಗಳ ಕೆಲಸ 156. ಕಳೆದ ವರ್ಷದ 240 ಕ್ಲೇಮ್‌ಗೆ 600 ಗಂಟೆ ಸಾಕಿತ್ತು, ಹಾಗಾಗಿ ಆಗ ನಾವು ಕೇಳಿರಲಿಲ್ಲ.

ಈ 151ರಲ್ಲಿ 64 ಗಂಟೆ ಓವರ್‌ಟೈಮ್‌ನಲ್ಲಿ ಮುಗಿಯುತ್ತಿದೆ. ಉಳಿದ 87 ಗಂಟೆಯ ಕೆಲಸ ಆಗುತ್ತಲೇ ಇಲ್ಲ. ರೋಗಿ ಎದುರಿಗೆ ನಿಂತಿರುವ ಕೆಲಸವನ್ನು ಯಾರೂ ಬಿಡುವುದಿಲ್ಲ. ಫೈಲ್ ರವಾನೆ ಮತ್ತು ಬಾಕಿ ವಸೂಲಿ ಹಿಂದೆ ಬೀಳುತ್ತವೆ. ಡಿಸ್ಚಾರ್ಜ್ ಆದ ಮೇಲೆ 5 ದಿನಕ್ಕೆ ಹೋಗುತ್ತಿದ್ದ ಫೈಲ್ ಈಗ 11 ದಿನಕ್ಕೆ ಹೋಗುತ್ತಿದೆ.

ಸೆಪ್ಟೆಂಬರ್ 19ರ ಒಂದು ಫೈಲ್ ನೋಡಿ. 11:10ಕ್ಕೆ ಡಿಸ್ಚಾರ್ಜ್ ಆದೇಶ, 12:00ಕ್ಕೆ ಫೈಲ್ ಡೆಸ್ಕ್‌ಗೆ ಬಂತು. ನಾಲ್ವರೂ ಬೇರೆ ಬಿಲ್‌ಗಳಲ್ಲಿದ್ದರಿಂದ 1:35ರವರೆಗೆ ಟ್ರೇಯಲ್ಲೇ ಕೂತಿತು. 2:20ಕ್ಕೆ ಅಪ್‌ಲೋಡ್, 4:05ಕ್ಕೆ ಅನುಮೋದನೆ. ಅಂತಿಮ ಅನುಮೋದನೆಗೆ ಐಆರ್‌ಡಿಎಐ ಹಾಕಿರುವ 3 ಗಂಟೆಯ ಗಡುವು ನಮ್ಮ ಕೋರಿಕೆ ವಿಮಾ ಕಂಪನಿಗೆ ತಲುಪಿದ ಮೇಲೆ ಓಡಲು ಶುರುವಾಗುತ್ತದೆ. ಟ್ರೇಯಲ್ಲಿ ಕಳೆದ 95 ನಿಮಿಷ ಯಾರ ಗಡುವಿಗೂ ಸೇರುವುದಿಲ್ಲ. ಅಷ್ಟು ಹೊತ್ತು ಬೆಡ್ ಮಾತ್ರ ಖಾಲಿಯಾಗುವುದಿಲ್ಲ.

ಹಣದ ಲೆಕ್ಕ (ವರ್ಷಕ್ಕೆ)

ವೆಚ್ಚ: ಗ್ರಾಸ್ ₹22,000, ಪಿಎಫ್ ₹1,950 (ಮೂಲ ವೇತನ ₹15,000ರ ಮೇಲೆ 13%), ಗ್ರಾಚ್ಯುಟಿ ₹722, ಬೋನಸ್ ₹1,250, ಗ್ರೂಪ್ ಇನ್ಶೂರೆನ್ಸ್ ₹378. ವರ್ಷಕ್ಕೆ ₹3,15,600. ಗ್ರಾಸ್ ₹21,000 ದಾಟುವುದರಿಂದ ಇಎಸ್‌ಐ ಬರುವುದಿಲ್ಲ.

ಉಳಿತಾಯ ಮೂರು ಕಡೆಯಿಂದ. ದುಪ್ಪಟ್ಟು ದರದ ಓವರ್‌ಟೈಮ್‌ಗೆ ಈಗ ತಿಂಗಳಿಗೆ ₹13,500 ಹೋಗುತ್ತಿದೆ. ₹12,000 ಉಳಿದರೆ ₹1.44 ಲಕ್ಷ. ‘ದಾಖಲೆ ತಡ’ ಅಥವಾ ‘ಕ್ವೆರಿಗೆ ಉತ್ತರವಿಲ್ಲ’ ಎಂಬ ಕಾರಣಕ್ಕೆ ಆರು ತಿಂಗಳಲ್ಲಿ ಕಡಿತವಾದದ್ದು ₹2.46 ಲಕ್ಷ, ಅರ್ಧ ಮಾತ್ರ ತಡೆಯಬಹುದು ಎಂದು ಹಿಡಿದರೂ ವರ್ಷಕ್ಕೆ ₹2.46 ಲಕ್ಷ. ಮೂರನೆಯದು ಬಡ್ಡಿ. ಕ್ಲೇಮ್ ಸರಾಸರಿ ₹48,000, ಅಂದರೆ ದಿನವೊಂದಕ್ಕೆ ₹4.96 ಲಕ್ಷ ಬಾಕಿ. ವಸೂಲಿ ಅವಧಿ 41ರಿಂದ 58 ದಿನಕ್ಕೆ ಏರಿದ್ದರೂ ಆ 17 ದಿನಗಳಲ್ಲಿ ನಮ್ಮ ಕೈಲಿರುವುದು ರವಾನೆಯ 6 ದಿನ ಮಾತ್ರ. ಅದರಲ್ಲಿ 4 ದಿನ ಇಳಿದರೆ ₹19.84 ಲಕ್ಷ ಬಿಡುಗಡೆಯಾಗುತ್ತದೆ. ಸಿಸಿ ಖಾತೆಯ 10.5% ದರದಲ್ಲಿ ₹2.08 ಲಕ್ಷ.

ಒಟ್ಟು ₹5.98 ಲಕ್ಷ. ಕಡಿತ ಮತ್ತು ಬಡ್ಡಿಯ ಲಾಭ ಇದರ ಅರ್ಧಕ್ಕೆ ಇಳಿದರೆ ₹3.71 ಲಕ್ಷ. ಕಲಿಕೆಗೆ ಆರು ವಾರ ಹೋಗುವುದರಿಂದ, ಆ ಕೆಟ್ಟ ಲೆಕ್ಕದಲ್ಲಿ ಮೊದಲ ವರ್ಷ ಸುಮಾರು ₹43,000 ಕೈಯಿಂದ ಹೋಗುತ್ತದೆ, ಎರಡನೇ ವರ್ಷ ₹55,000 ಮಿಗುತ್ತದೆ.

ಬೇರೆ ದಾರಿ ನೋಡಿದ್ದೇವೆಯೇ?

ಜುಲೈನಲ್ಲಿ ಹತ್ತು ದಿನ ರಿಸೆಪ್ಷನ್‌ನಿಂದ ಒಬ್ಬರನ್ನು ಎರವಲು ತಂದೆವು. ಪಾಲಿಸಿ ಸಂಖ್ಯೆ, ಕಾಯಿಲೆಯ ಅವಧಿ ತಪ್ಪಾಗಿ ನಮೂದಾಗಿ ಕ್ವೆರಿ 1.9ಕ್ಕೆ ಏರಿತು. ಹೊರಗಿನ ಏಜೆನ್ಸಿ ಫೈಲ್‌ಗೆ ₹450 ಕೇಳುತ್ತದೆ. ಕೊರತೆಯ 60 ಫೈಲ್‌ಗೆ ₹27,000, ಕ್ವೆರಿ ಮಾತ್ರ ನಮ್ಮ ತಲೆಗೇ. ಡಿಸ್ಚಾರ್ಜ್ ಸಮ್ಮರಿಯ ನಮೂನೆ ಸರಿಪಡಿಸುವ ಕೆಲಸ ನಡೆದಿದೆ. ಕ್ವೆರಿ 1.1ಕ್ಕೆ ಇಳಿದರೆ 31 ಗಂಟೆ ಉಳಿಯುತ್ತದೆ; ಆಗಲೂ ಕೊರತೆ 120 ಗಂಟೆ. ಅರೆಕಾಲಿಕ ಹುದ್ದೆಯಿಂದ ಸಿಗುವುದು 78.

ನಾವು ಒಪ್ಪುವ ಷರತ್ತು

ಪ್ರೊಬೇಷನ್ 6 ತಿಂಗಳು. ಪ್ರತಿ ತಿಂಗಳ 5ರೊಳಗೆ ರವಾನೆಯ ದಿನ, ಓವರ್‌ಟೈಮ್ ಮತ್ತು ಕಡಿತದ ಮೊತ್ತ ನಿಮಗೆ ಕಳಿಸುತ್ತೇವೆ. ಕ್ಲೇಮ್ ಸತತ ಮೂರು ತಿಂಗಳು 260ಕ್ಕಿಂತ ಕೆಳಗಿಳಿದರೆ, ಡೆಸ್ಕ್‌ನಲ್ಲಿ ಮುಂದೆ ತೆರವಾಗುವ ಮೊದಲ ಹುದ್ದೆಯನ್ನು ತುಂಬಲು ಕೇಳುವುದಿಲ್ಲ.

ಆರು ತಿಂಗಳ ಕ್ಲೇಮ್ ರಿಜಿಸ್ಟರ್, ಎರಡು ವಾರದ ಸಮಯದ ಹಾಳೆ ಮತ್ತು ಕಡಿತದ ಪಟ್ಟಿ ಲಗತ್ತಿಸಿದೆ. ಡಿಸೆಂಬರ್ 1ಕ್ಕೆ ಸೇರ್ಪಡೆಯಾಗಬೇಕಾದರೆ ಅಕ್ಟೋಬರ್ 25ರೊಳಗೆ ಮಂಜೂರಾತಿ ಬೇಕು.

ವ್ಯವಸ್ಥಾಪಕರು, ಬಿಲ್ಲಿಂಗ್ ಮತ್ತು ಇನ್ಶೂರೆನ್ಸ್