ಫ್ರೀ ಟ್ರಯಲ್ ಪೇಜ್: ದಾವಣಗೆರೆ ಟೆಸ್ಟ್‌ಗೆ ಹೆಡ್‌ಲೈನ್‌ಗಳು

ಪೇಜ್ ಕಟ್ಟುವ ಹುಡುಗರಿಗೆ: ತಂಡದ ಕೆಲಸ ಬರೆದಿಡುವ ನಮ್ಮ ಟೂಲ್‌ನ ಪೇಜಿನಲ್ಲಿ ಬದಲಾಗೋದು ಹೆಡ್‌ಲೈನ್ ಒಂದೇ. ಕೆಳಗಿನ ಸಾಲು, ಬಟನ್, ಫೋಟೋ ಯಾವುದನ್ನೂ ಮುಟ್ಟಬೇಡಿ.

ಎಲ್ಲದಕ್ಕೂ ಕೆಳಗಿನ ಸಾಲು: 14 ದಿನ ಪುಕ್ಕಟೆ. ಕಾರ್ಡ್ ನಂಬರ್ ಬೇಡ. ಮೊಬೈಲ್‌ನಲ್ಲೇ ನಡೆಯುತ್ತೆ.
ಬಟನ್: ಪುಕ್ಕಟೆ ಶುರು ಮಾಡಿ

ಎ (ಈಗಿರೋದು)
ನಿಮ್ಮ ತಂಡದ ಎಲ್ಲ ಕೆಲಸ ಒಂದೇ ಕಡೆ

ತಪ್ಪೇನಿಲ್ಲ, ಆದ್ರೆ ಯಾರಿಗೂ ತಾಗಲ್ಲ.

ಬಿ
"ನಾಳೆ ಬರ್ತೀನಿ ಸಾರ್" ಅಂದಿದ್ದು ಯಾರು, ಯಾವತ್ತು? ಇಲ್ಲಿ ಬರೆದಿರುತ್ತೆ.

ಪಿ.ಜೆ. ಬಡಾವಣೆಯಲ್ಲಿ ಮನೆ ಕಟ್ಟಿಸುತ್ತಿರುವ ಕಂಟ್ರಾಕ್ಟರ್ ಒಬ್ಬರು ತಮ್ಮ ವಾಟ್ಸಾಪ್ ಗ್ರೂಪ್ ತೋರಿಸಿದರು. ಬಾತ್‌ರೂಮಿನ ಡ್ರಾಯಿಂಗ್ ಹುಡುಕಬೇಕಿತ್ತು. ಹೆಬ್ಬೆರಳಲ್ಲಿ ಮೇಲೆ ತಳ್ಳುತ್ತಾ ಹೋದರು: ಗುಡ್ ಮಾರ್ನಿಂಗ್ ಹೂವು, ಸಿಮೆಂಟ್ ಬಿಲ್, ಮತ್ತೆ ಹೂವು, ಯಾರದ್ದೋ ಗೃಹಪ್ರವೇಶದ ಕಾರ್ಡ್. ಡ್ರಾಯಿಂಗ್ ಸಿಗುವಷ್ಟರಲ್ಲಿ ಚಹಾ ತಣ್ಣಗಾಗಿತ್ತು. "ನಾಳೆ ಬರ್ತೀನಿ ಸಾರ್" ಅನ್ನೋದು ಅವರ ಪ್ಲಂಬರ್ ಮಾತು. ನಾನು ಬರೆದದ್ದಲ್ಲ, ಕೇಳಿಸಿಕೊಂಡದ್ದು. ನನ್ನ ಓಟು ಇದಕ್ಕೇ.

ಸಿ
ಟೈಲ್ಸ್ ಬಂತಾ? ವೈರಿಂಗ್ ಮುಗೀತಾ? ಫೋನ್ ಮಾಡದೇ ನೋಡಿ.

ಇದೂ ಸೈಟಿನವರಿಗೇ. ಪ್ರಿಂಟಿಂಗ್ ಪ್ರೆಸ್, ಅಡುಗೆ ಕಂಟ್ರಾಕ್ಟರ್ ಬಂದರೆ 'ನಮಗಲ್ಲ' ಅಂತ ವಾಪಸ್ ಹೋಗಬಹುದು.

ಡಿ
ಕೆಲಸ ಯಾರ ಕೈಲಿದೆ, ಯಾವತ್ತು ಮುಗಿಯುತ್ತೆ? ಒಂದೇ ನೋಟದಲ್ಲಿ.

ಸೈಟು, ಪ್ರೆಸ್, ಅಡುಗೆ ಎಲ್ಲರಿಗೂ ಹೊಂದುತ್ತೆ. ಸಪ್ಪೆ ಅನ್ನಿಸಿದ್ರೂ ಇರಲಿ.

ಬಿಟ್ಟಿದ್ದು ಎರಡು. 'ಬೆಣ್ಣೆ ದೋಸೆಯಷ್ಟು ಸಲೀಸು' ಬೇಡ. ಈ ಊರಿನವರಿಗೆ ದೋಸೆ ಗೊತ್ತು, ಟೂಲ್ ಏನು ಮಾಡುತ್ತೆ ಅನ್ನೋದೇ ಗೊತ್ತಿಲ್ಲ. 'ಪೂರ್ತಿ ಪುಕ್ಕಟೆ!' ಕೂಡ ಬೇಡ. ಕೆಳಗಿನ ಸಾಲು ಅದನ್ನೇ ಹೇಳುತ್ತಿದೆ, ಸುಮ್ನೆ ನೋಡೋಕೆ ಬರೋರು ಜಾಸ್ತಿ ಆಗ್ತಾರೆ ಅಷ್ಟೇ.

ನಾಲ್ಕನ್ನೂ ಒಟ್ಟಿಗೆ ಬಿಡೋದು ಬೇಡ. ನಮ್ಮ ಪೇಜಿಗೆ ವಾರಕ್ಕೆ 900 ಜನ ಬರ್ತಾರೆ, ನೂರರಲ್ಲಿ 4 ಜನ ಸೈನ್ ಅಪ್ ಆಗ್ತಾರೆ. 4 ಇದ್ದದ್ದು 5 ಆಯ್ತು ಅಂತ ಧೈರ್ಯವಾಗಿ ಹೇಳಬೇಕಾದ್ರೆ ಒಂದೊಂದು ಹೆಡ್‌ಲೈನನ್ನೂ ಸುಮಾರು 6,700 ಜನ ನೋಡಬೇಕು. ಎರಡೇ ಇಟ್ಟರೂ 15 ವಾರ ಬೇಕು! 4 ಇದ್ದದ್ದು 8 ಆಗುವಂಥ ದೊಡ್ಡ ವ್ಯತ್ಯಾಸ ಹಿಡಿಯೋಕೆ ಒಂದೊಂದಕ್ಕೆ 550ರ ಸುಮಾರು ಜನ ಸಾಕು. ಅದಕ್ಕೇ ಮೊದಲು ಎ ಮತ್ತು ಬಿ, ಎರಡು ವಾರ, ಅರ್ಧ ಅರ್ಧ. ಗೆದ್ದದ್ದರ ಜೊತೆ ಆಮೇಲೆ ಡಿ. ಸಿ ಕೊನೆಗೆ.

ಒಮ್ಮೆ ಬಿ ನೋಡಿದವರಿಗೆ ಮತ್ತೆ ಬಂದಾಗಲೂ ಬಿ ಕಾಣಬೇಕು. ಲೆಕ್ಕಕ್ಕೆ ಬಟನ್ ಒತ್ತಿದ್ದಲ್ಲ, ಸೈನ್ ಅಪ್ ಮುಗಿಸಿದ್ದು. ಜೊತೆಗೆ ಮೊದಲ ಮೂರು ದಿನದಲ್ಲಿ ಒಂದಾದರೂ ಕೆಲಸ ಬರೆದರಾ ಅಂತಲೂ ನೋಡಿ.

ಸೋಮವಾರ ಶುರು ಮಾಡಿ. ದುಗ್ಗಮ್ಮನ ಜಾತ್ರೆ ವಾರ ಮಾತ್ರ ಬೇಡ. ಬುಧವಾರ 'ಬಿ ಮುಂದಿದೆ' ಅಂತ ಫೋನ್ ಮಾಡಬೇಡಿ, ನಾನು ಎತ್ತಲ್ಲ.