ನಾಳೆ ಮ್ಯಾಕ್ರೋ ಪೇಪರ್: ಹಣಕಾಸು ನೀತಿಯ ಪದಗಳು ಒಂದೇ ಪುಟದಲ್ಲಿ

ರೆಪೊ ದರ: ಬ್ಯಾಂಕುಗಳು ಬಾಂಡ್ ಅಡವಿಟ್ಟು ಕೇಂದ್ರ ಬ್ಯಾಂಕಿನಿಂದ ತರುವ ಅಲ್ಪಾವಧಿ ಸಾಲದ ಬಡ್ಡಿ. ರಿವರ್ಸ್ ರೆಪೊ ಇದರ ಉಲ್ಟಾ.

ಮುಕ್ತ ಮಾರುಕಟ್ಟೆ ಕಾರ್ಯಾಚರಣೆ: ಕೇಂದ್ರ ಬ್ಯಾಂಕ್ ಬಾಂಡ್ ಕೊಂಡರೆ ಹಣ ಹೊರಗೆ ಬರುತ್ತದೆ, ಬಾಂಡ್ ಬೆಲೆ ಏರುತ್ತದೆ, ಬಡ್ಡಿ ಇಳಿಯುತ್ತದೆ. ಬೆಲೆಗೂ ಬಡ್ಡಿಗೂ ಯಾವಾಗಲೂ ಎಣ್ಣೆ ಸೀಗೆಕಾಯಿ ಸಂಬಂಧ. ಮಾರಿದರೆ ಎಲ್ಲವೂ ತಿರುಗುಮುರುಗು.

ಹಣದ ಗುಣಕ: ಮೀಸಲು ಅನುಪಾತ r = 0.1 ಆದರೆ 1/r = 10. ಆದರೆ ಜನ ಒಂದಷ್ಟು ನಗದು ಕೈಯಲ್ಲೇ ಇಟ್ಟುಕೊಳ್ಳುತ್ತಾರೆ ಅಲ್ವಾ? ಆಗ (1+c)/(c+r), ಇಲ್ಲಿ c ಅಂದರೆ ನಗದು-ಠೇವಣಿ ಅನುಪಾತ. c = 0.2 ಹಾಕಿ ನೋಡಿ, 1.2/0.3, ಗುಣಕ 10ರಿಂದ ಸೀದಾ 4ಕ್ಕೆ ಬೀಳುತ್ತದೆ. ಲೆಕ್ಕ ಕೊಡುವುದಾದರೆ ಇಲ್ಲೇ ಕೊಡುತ್ತಾರೆ ಅನ್ನೋದು ನನ್ನ ಊಹೆ.

ನೈಜ ಬಡ್ಡಿ (ಫಿಶರ್): r = i − πᵉ. ನಾಮಮಾತ್ರ ಬಡ್ಡಿ 6%, ನಿರೀಕ್ಷಿತ ಹಣದುಬ್ಬರ 4%, ನೈಜ 2%. ಈ r ಬೇರೆ, ಮೇಲಿನ r ಬೇರೆ.

ಪರಿಮಾಣ ಸಿದ್ಧಾಂತ: MV = PY. V, Y ಸ್ಥಿರ ಅಂತ ಬರೆಯದೆ ಸುಮ್ನೆ "M ಏರಿದರೆ P ಏರುತ್ತದೆ" ಅಂದರೆ ಅರ್ಧ ಉತ್ತರ.

ದ್ರವ್ಯತೆ ಬಲೆ: ಬಡ್ಡಿ ಸೊನ್ನೆಯ ಹತ್ತಿರ, ಎಷ್ಟು ಹಣ ಸುರಿದರೂ ಜನ ಹಿಡಿದಿಟ್ಟುಕೊಳ್ಳುತ್ತಾರೆ. LM ಅಡ್ಡಗೆರೆ.

ಪರಿಮಾಣಾತ್ಮಕ ಸಡಿಲಿಕೆ: ಅಲ್ಪಾವಧಿ ದರ ಇಳಿಸಲು ಜಾಗವಿಲ್ಲದಾಗ ದೀರ್ಘಾವಧಿ ಬಾಂಡ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಕೊಳ್ಳುವುದು.

ಟೇಲರ್ ನಿಯಮ (1993): i = 2 + π + 0.5(π − 2) + 0.5y, y ಅಂದರೆ ಉತ್ಪಾದನಾ ಅಂತರ. π ಒಂದು ಅಂಶ ಏರಿದರೆ i ಒಂದೂವರೆ ಏರುತ್ತದೆ, ಹಾಗಾಗಿ ನೈಜ ಬಡ್ಡಿಯೂ ಏರುತ್ತದೆ. ಈ ಒಂದು ಸಾಲು ಖಂಡಿತ ಬರೆಯಿರಿ.