ನನ್ನ ಮಾತಿನ ಅವಧಿ, ಪರದೆ, ಸಲಕರಣೆ ಬಗ್ಗೆ

ನಮಸ್ಕಾರ ಮೇಡಂ,

ಮುಂದಿನ ತಿಂಗಳ 14ಕ್ಕೆ ಇನ್ನೂ ಐದು ವಾರ ಇದೆ. ಆದರೂ ಈಗಲೇ ಕೇಳಿಬಿಡುತ್ತೇನೆ. ಕೊನೆ ಗಳಿಗೆಯ ಓಡಾಟ ಇಬ್ಬರಿಗೂ ಬೇಡ ಅಲ್ವಾ?

ನನಗೆ 40 ನಿಮಿಷ ಅಂದಿದ್ದಿರಿ. ಪ್ರಶ್ನೋತ್ತರವೂ ಅದರಲ್ಲೇ ಸೇರಿದೆ ಅಂದುಕೊಂಡು 30 ನಿಮಿಷದ ಮಾತು ಸಿದ್ಧ ಮಾಡುತ್ತಿದ್ದೇನೆ. ಸರಿ ತಾನೇ?

ಸ್ಲೈಡ್‌ಗಳು 16:9 ಅಳತೆಯಲ್ಲಿವೆ. ನಿಮ್ಮ ಪರದೆ 4:3 ಆಗಿದ್ದರೆ ಈಗಲೇ ತಿಳಿಸಿ, ಬದಲಿಸುತ್ತೇನೆ. ಹೋದ ಸಲ ಒಂದು ಕಡೆ ಮೇಲೆ, ಕೆಳಗೆ ಕಪ್ಪು ಪಟ್ಟಿ ಬಂದು, ಕೋಷ್ಟಕದ ಅಕ್ಷರಗಳು ಹಿಂದೆ ಕೂತವರಿಗೆ ಇರುವೆ ಸಾಲಿನಂತೆ ಕಂಡವು!

ಲ್ಯಾಪ್‌ಟಾಪ್, ಅಡಾಪ್ಟರ್ ನಾನೇ ತರುತ್ತೇನೆ. ಮೇಜಿನವರೆಗೆ ಎಚ್‌ಡಿಎಂಐ ಕೇಬಲ್, ಪಕ್ಕದಲ್ಲೊಂದು ಪ್ಲಗ್ ಪಾಯಿಂಟ್, ಕಾಲರ್ ಮೈಕ್ ಬೇಕು. ಎರಡು ನಿಮಿಷದ ವಿಡಿಯೊ ಒಂದಿದೆ, ಅದರ ಧ್ವನಿ ಸಭಾಂಗಣದ ಸ್ಪೀಕರ್‌ನಲ್ಲೇ ಕೇಳಬೇಕು.

ಶುಕ್ರವಾರದೊಳಗೆ ಒಂದು ಸಾಲು ಬರೆದರೆ ಸಾಕು.